ಐಸ್ ಒತ್ತಿದ್ರೆ ನೀರಾಗೋದು ಹೆಂಗೆ?

ಪ್ರಶ್ನೆ, ತೀರ್ಥಹಳ್ಳಿಯಿಂದ: ಮಗಳು ಸೆಕೆಂಡ್ ಪಿಯುಸಿ. ಯಾವ ಟೆಂಪರೇಚರ್, ಯಾವ ಪ್ರೆಶರಲ್ಲಿ ಐಸ್, ನೀರು, ಆವಿ ಇರ್ತದೆ ಅಂತ ತೋರಿಸೋ ಫೇಸ್ ಡಯಾಗ್ರಾಮಲ್ಲಿ ಐಸ್-ನೀರಿನ ಗೆರೆ ಎಡಕ್ಕೆ ವಾಲಿದೆ, ಪ್ರೆಶರ್ ಹಾಕಿದ್ರೆ ಕರಗ್ತದೆ ಅಂತಾಳೆ. ಒತ್ತಿದ್ರೆ ಇನ್ನೂ ಗಟ್ಟಿ ಆಗ್ಬೇಕಲ್ವಾ ಸರ್?

ಕೆಮಿಸ್ಟ್ರಿ ಲೆಕ್ಚರರ್, ಶಿವಮೊಗ್ಗ: ಹೆಚ್ಚಿನ ವಸ್ತುಗಳಿಗೆ ನಿಮ್ಮ ಲೆಕ್ಕವೇ ಸರಿ ಮಾರಾಯ್ರೆ. ಒತ್ತಿದಾಗ ವಸ್ತು ಕಡಿಮೆ ಜಾಗ ಹಿಡಿಯೋ ರೂಪಕ್ಕೆ ಹೋಗ್ತದೆ, ಅಷ್ಟೇ ನಿಯಮ. ಐಸ್ ನೀರಲ್ಲಿ ತೇಲ್ತದಲ್ಲ, ಅಂದ್ರೆ ಇಲ್ಲಿ ಕಡಿಮೆ ಜಾಗದ್ದು ನೀರೇ. ಮಗಳಿಗೆ ಡಯಾಗ್ರಾಮಲ್ಲಿ ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ, ಐಸ್ ಭಾಗದಲ್ಲಿ ಬೆರಳಿಟ್ಟು ನೇರ ಮೇಲಕ್ಕೆ, ಅಂದ್ರೆ ಪ್ರೆಶರ್ ಏರೋ ಕಡೆಗೆ, ಹೋಗೋಕೆ ಹೇಳಿ, ಸುಮಾರು 130 ಅಟ್ಮಾಸ್ಫಿಯರ್ ದಾಟೋ ಹೊತ್ತಿಗೆ ಬೆರಳು ಆ ವಾಲಿದ ಗೆರೆ ದಾಟಿ ನೀರಿಗೆ ಬರ್ತದೆ. ಪುಸ್ತಕದ ಚಿತ್ರದಲ್ಲಿ ಗೆರೆ ಕಾಣ್ಲಿ ಅಂತ ಜಾಸ್ತಿ ವಾಲಿಸಿರ್ತಾರೆ, ನಿಜಕ್ಕೂ ಅದು ಹೆಚ್ಚುಕಮ್ಮಿ ನೆಟ್ಟಗೇ ಇರೋದು.

ಆ ಗೆರೆ ಹೊರಡೋದು ಟ್ರಿಪಲ್ ಪಾಯಿಂಟಿಂದ. 0.01 ಡಿಗ್ರಿ, ಪ್ರೆಶರ್ ನಮ್ಮ ಗಾಳಿಯ ನೂರರಲ್ಲೊಂದು ಪಾಲೂ ಇಲ್ಲ, ಅಲ್ಲಿ ಐಸ್, ನೀರು, ಆವಿ ಮೂರೂ ಒಟ್ಟಿಗೆ ನಿಲ್ತವೆ. ನೀರು-ಆವಿ ಗೆರೆ ಮಾತ್ರ 374 ಡಿಗ್ರಿ, 218 ಅಟ್ಮಾಸ್ಫಿಯರಲ್ಲಿ ಸುಮ್ನೆ ನಿಂತುಬಿಡ್ತದೆ, ಅದೇ ಕ್ರಿಟಿಕಲ್ ಪಾಯಿಂಟ್, ಅದರಾಚೆ ಇದು ನೀರು ಇದು ಆವಿ ಅಂತ ಬೇರೆ ಮಾಡೋಕೆ ಆಗಲ್ಲ.

ಒಬ್ರು, ಸಾಗರ: ಐಸ್ ಸ್ಕೇಟಿಂಗ್ ಮಾಡೋರು ಜಾರೋದು ಇದೇ ಕಾರಣಕ್ಕೆ.

ಹೈಸ್ಕೂಲ್ ಮೇಷ್ಟ್ರು, ಹೊಸನಗರ: ನಾನು ಮಕ್ಕಳ ಮುಂದೆ ಐಸ್ ಗಡ್ಡೆ ಮೇಲೆ ತಂತಿ ಹಾಕಿ ಎರಡೂ ಕಡೆ ತೂಕ ಕಟ್ಟಿದ್ದೆ ಸರ್, ಒತ್ತಡಕ್ಕೆ ಕರಗಿ ತಂತಿ ಒಳಗೆ ಇಳೀಬೇಕಿತ್ತು, ಅರ್ಧ ಗಂಟೆ ಆದ್ರೂ ಇಳೀಲಿಲ್ಲ. ಫ್ರೀಜರಿಂದ ಆಗಷ್ಟೇ ತೆಗ್ದಿದ್ದು.

ಕೆಮಿಸ್ಟ್ರಿ ಲೆಕ್ಚರರ್: ತಪ್ಪಿದ್ದು ಅಲ್ಲೇ ಮೇಷ್ಟ್ರೆ. ಅರ್ಧ ಮಿಲಿಮೀಟರ್ ತಂತಿ, 10 ಸೆಂಟಿಮೀಟರ್ ಅಗಲದ ಗಡ್ಡೆ, ಒಟ್ಟು 5 ಕೇಜಿ ಅಂದ್ಕೊಳ್ಳಿ, ತಂತಿ ಕೆಳಗೆ ಬರೋದು 10 ಅಟ್ಮಾಸ್ಫಿಯರ್, ಕರಗೋ ಟೆಂಪರೇಚರ್ ಇಳಿಯೋದು ಬರೀ 0.07 ಡಿಗ್ರಿ. ಮೈನಸ್ 15ರ ಗಡ್ಡೆಗೆ ಅದು ಏನೂ ಅಲ್ಲ. ಗಡ್ಡೆ ಹೊರಗಿಟ್ಟು ಮೈಯೆಲ್ಲ ಒದ್ದೆ ಆದ್ಮೇಲೆ ತಾಮ್ರದ ತಂತಿ ಹಾಕಿ. ತಂತಿ ಕೆಳಗೆ ಕರಗಿದ ನೀರು ಮೇಲೆ ಬಂದು ಮತ್ತೆ ಹೆಪ್ಪುಗಟ್ತದೆ, ಆಗ ಬಿಡೋ ಶಾಖ ತಂತಿ ಮೂಲಕವೇ ಕೆಳಗೆ ಹೋಗಿ ಇನ್ನಷ್ಟು ಕರಗಿಸ್ತದೆ, ಅದಕ್ಕೇ ನೈಲಾನ್ ದಾರ ನಿಧಾನ.

ಸ್ಕೇಟಿಂಗಿಗೂ ಇದೇ ಲೆಕ್ಕ ಸಾಗರದವ್ರೆ, ಒತ್ತಡ ಸ್ವಲ್ಪ ಸಹಾಯ ಮಾಡ್ಬಹುದು, ಆದ್ರೆ ಮೈನಸ್ 10ರಲ್ಲೂ ಜಾರ್ತಾರಲ್ಲ. ಉಜ್ಜೋದ್ರ ಬಿಸಿ, ಐಸ್ ಮೈಮೇಲೆ ಮೊದ್ಲೇ ಇರೋ ತೆಳು ಪದರ, ಯಾವುದಕ್ಕೆ ಎಷ್ಟು ಪಾಲು ಅಂತ ಈಗಲೂ ವಾದ ನಡೀತದೆ.

ಹೈಸ್ಕೂಲ್ ಮೇಷ್ಟ್ರು: ತಂತಿಯ ತುದಿ ಹೊರಗಿನ ಬೆಚ್ಚಗಿನ ಗಾಳೀಲಿ ಇರ್ತದಲ್ಲ ಸರ್, ಆ ಬಿಸೀನೇ ಒಳಗೆ ಹರಿದು ಕರಗಿಸಲ್ವಾ?

ಕೆಮಿಸ್ಟ್ರಿ ಲೆಕ್ಚರರ್: ಒಂದಷ್ಟು ಕರಗಿಸ್ತದೆ, ಖಂಡಿತ. ಅದೇ ತಂತಿ ಒಂದ್ಸಲ 1 ಕೇಜಿ, ಇನ್ನೊಂದ್ಸಲ 5 ಕೇಜಿ ಕಟ್ಟಿ ಇಳಿಯೋ ಟೈಮ್ ಅಳೀರಿ. ಬರೀ ಗಾಳಿ ಬಿಸೀನೇ ಆಗಿದ್ರೆ ಅಷ್ಟೊಂದು ವ್ಯತ್ಯಾಸ ಬರಬಾರ್ದು. ಏನು ಬಂತು ಇಲ್ಲೇ ಹಾಕಿ.