ಅಪ್‌ಡೇಟ್: 40 ಗಂಟೆಯ ವೇಳಾಪಟ್ಟಿ 52 ಆದದ್ದು ಏಕೆಂದು ತಿಳಿಯಿತು

ನನ್ನ ಪ್ರಶ್ನೆ: "ಹಳೆಯ ಗಣಿತ ಪ್ರಶ್ನೆಪತ್ರಿಕೆಯ ಫೋಟೊ ನೋಡಿ ಅಂಕಗಳಿಗೆ ತಕ್ಕಂತೆ 40 ಗಂಟೆ ಹಂಚಿದೆ. ಕೂಡಿದರೆ 52 ಬರುತ್ತಿದೆ. ತಪ್ಪೆಲ್ಲಿ?"

ತಪ್ಪು 'ಅಥವಾ' ಪ್ರಶ್ನೆಗಳಲ್ಲಿತ್ತು. ಪತ್ರಿಕೆ 80 ಅಂಕಗಳದ್ದು, ಆದರೆ ಆಯ್ಕೆಯ ಎರಡೂ ಪ್ರಶ್ನೆಗಳನ್ನು ಎಣಿಸಿದ್ದರಿಂದ ಮೊತ್ತ 104 ಆಗಿತ್ತು. ಈಗ ಆಯ್ಕೆಯ ಪ್ರತಿ ಪ್ರಶ್ನೆಗೂ ಅದರ ಅಂಕಗಳ ಅರ್ಧವನ್ನಷ್ಟೇ ಕೊಟ್ಟೆ. ತ್ರಿಕೋನಮಿತಿಯಲ್ಲಿ ಕಡ್ಡಾಯ ಪ್ರಶ್ನೆಗಳದು 14 ಅಂಕ. 6 ಅಂಕದ ಒಂದು ಜೋಡಿಯ ಎರಡೂ ಪ್ರಶ್ನೆಗಳು ಅದರವೇ, ಹಾಗಾಗಿ 3 ಮತ್ತು 3. ಒಟ್ಟು 20, ಅಂದರೆ 20 ÷ 80 × 40 = 10 ಗಂಟೆ. ಮೊದಲು 13 ಕೊಟ್ಟಿದ್ದೆ!

ಆಮೇಲೂ ಮೊತ್ತ 76ಕ್ಕೇ ನಿಂತಿತು. ಫೋಟೊದ ಬಲ ಅಂಚಿನಲ್ಲಿ 4 ಅಂಕದ ಪ್ರಶ್ನೆಯೊಂದರ ಅಂಕ ಕತ್ತರಿಸಿಹೋಗಿತ್ತು. ಅದನ್ನು ಸೇರಿಸಿದ ಮೇಲೆ ಸರಿಯಾಗಿ 80 ಬಂದಿತು.