ಸ್ಟೀರಿಯೋದ ‘ಪೇರಿಂಗ್ ಅಳಿಸು’ವುದಕ್ಕೆ ಏನೆನ್ನೋಣ?

ಶಿರಸಿಯಿಂದ:
ನಮ್ಮ ಅಂಗಡಿಗೆ ಬರುವ ಗಿರಾಕಿಗಳಿಗೆ ಕೊಡೋಕೆ ಒಂದು ಚೀಟಿ ಬರೀತಾ ಇದ್ದೇನೆ. ಫೋನ್ ಅಪ್‌ಡೇಟ್ ಆದಮೇಲೆ ಕಾರಿನ ಸ್ಟೀರಿಯೋಗೆ ಸೇರೋದೇ ಇಲ್ಲ ಅನ್ನುವ ದೂರು ಜಾಸ್ತಿ. ‘ಹಳೆಯ ಸಂಪರ್ಕ ತೆಗೆಯಿರಿ’ ಅಂತ ಬರೆದರೆ ಜನ ಬ್ಲೂಟೂತ್ ಆಫ್ ಮಾಡಿ ಆನ್ ಮಾಡುತ್ತಾರೆ. ಬೇರೆ ಪದ ಇದೆಯಾ?

ಅಂಕೋಲಾದಿಂದ:
‘ಸಂಪರ್ಕ ಕಡಿಯಿರಿ’ ಸಾಕಲ್ವಾ? ಫೋನಿನ ಪಟ್ಟಿಯಿಂದ ಸ್ಟೀರಿಯೋ ಹೆಸರು ಹೋದರೆ ಮುಗೀತು.

ಕುಮಟಾದಿಂದ:
ಹೆಸರು ಹೋಗಬೇಕು, ಸರಿ. ಆದರೆ ಒಂದೇ ಕಡೆ ಅಲ್ಲ. ಮೊದಲ ಸಲ ಪೇರ್ ಆದಾಗ ಫೋನು, ಸ್ಟೀರಿಯೋ ಎರಡೂ ಒಂದೇ ಗುಟ್ಟಿನ ಕೀಲಿಯನ್ನು ತಮ್ಮ ತಮ್ಮಲ್ಲಿ ಇಟ್ಟುಕೊಳ್ಳುತ್ತವೆ. ಕನೆಕ್ಟ್ ಆಗುವಾಗೆಲ್ಲ ಅದನ್ನೇ ತಾಳೆ ನೋಡೋದು. ಅಪ್‌ಡೇಟ್‌ನಲ್ಲಿ ಫೋನಿನ ಕಡೆಯ ಕೀಲಿ ಕೆಟ್ಟರೆ ತಾಳೆ ಆಗೋದಿಲ್ಲ. ಪಟ್ಟಿಯಲ್ಲಿ ಹೆಸರು ಇರುತ್ತದೆ, ಒತ್ತಿದರೆ ಒಂದು ಕ್ಷಣ ತಿರುಗಿ ಬಿಟ್ಟುಬಿಡುತ್ತದೆ. ಗುರುತು ಅದೇ.

ಮೊನ್ನೆ ಒಬ್ಬರು ಫೋನಿನಲ್ಲಿ ಮಾತ್ರ Forget ಒತ್ತಿ ಬಂದಿದ್ದರು. ಸ್ಟೀರಿಯೋದಲ್ಲಿ ಹಳೇ ಕೀಲಿ ಹಾಗೇ ಕೂತಿತ್ತು. ಅದರ ಪಟ್ಟಿಯಲ್ಲೂ ಆ ಫೋನನ್ನು ಅಳಿಸಿದೆ. ಮನೆಯವರ ಹಳೇ ಫೋನುಗಳಿಂದ ಪಟ್ಟಿ ತುಂಬಿತ್ತು, ಅವನ್ನೂ ತೆಗೆದೆ. ತುಂಬಿದ ಮೇಲೆ ಕೆಲವು ಸ್ಟೀರಿಯೋ ಹೊಸಬರನ್ನು ಸೇರಿಸೋದಿಲ್ಲ. ಆಮೇಲೆ ಎರಡನ್ನೂ ಒಮ್ಮೆ ಆರಿಸಿ ಹಚ್ಚಿ, ಹೊಸದಾಗಿ ಪೇರ್ ಮಾಡಿದೆ. ಎರಡೂ ಪರದೆಯಲ್ಲಿ ಒಂದೇ ಆರಂಕಿ ಬಂತು, ಒಪ್ಪಿಗೆ ಕೊಟ್ಟೆ, ಹಾಡು ಶುರು. ಕಾಂಟ್ಯಾಕ್ಟ್ಸ್‌ಗೆ ಅನುಮತಿ ಕೇಳಿದಾಗ ಬೇಡ ಅಂದರೆ ಮಾತ್ರ ಕರೆ ಮಾಡಿದವರ ಹೆಸರು ಬರೋದಿಲ್ಲ, ಬರೀ ನಂಬರ್.

ಹಾಗಾಗಿ ಪದ ಎರಡು ಬೇಕು. ನಂಟಸ್ತನ ಆಗೋದು ಒಂದು ಸಲ, ಹೋಗಿ ಬಂದು ಮಾಡೋದು ದಿನಾ. ಪೇರಿಂಗ್ ‘ನಂಟು’, ಕನೆಕ್ಟ್ ‘ಸಂಪರ್ಕ’. ಚೀಟಿಯಲ್ಲಿ ‘ಎರಡೂ ಕಡೆ ನಂಟು ಅಳಿಸಿ’ ಅನ್ನಿ.

ಕಾರವಾರದಿಂದ:
ನಮ್ಮ ಕಾರಿನಲ್ಲಿ ಕೇಬಲ್ ಹಾಕಿದರೂ ಚಾರ್ಜ್ ಮಾತ್ರ ಆಗ್ತದೆ, ಹಾಡಿಲ್ಲ. ಇದಕ್ಕೂ ನಂಟು ಅಳಿಸಬೇಕಾ?

ಕುಮಟಾದಿಂದ:
ಅದು ಬೇರೆ ಕತೆ. ಮೊದಲು ಡೇಟಾ ಸಾಗಿಸುವ ಬೇರೆ ಕೇಬಲ್ ಹಾಕಿ ನೋಡಿ. ಚಾರ್ಜ್‌ಗೆ ಮಾತ್ರ ಆಗುವ ಕೇಬಲ್‌ಗಳೂ ಇರುತ್ತವೆ.

ಹೊನ್ನಾವರದಿಂದ:
ನಂಟು ಚೆನ್ನಾಗಿದೆ. ಆದರೆ ಪರದೆಯ ಮೇಲೆ Forget, Unpair ಅಂತಿರುವಾಗ ಜನ ‘ನಂಟು’ ಎಲ್ಲಿ ಹುಡುಕ್ತಾರೆ? ಒತ್ತಬೇಕಾದ ಗುಂಡಿಯ ಹೆಸರು ಹಾಗೇ ಇರಲಿ.

ಶಿರಸಿಯಿಂದ:
ಗುಂಡಿಯ ಹೆಸರು ಹಾಗೇ ಇಡ್ತೇನೆ, ‘ಎರಡೂ ಕಡೆ’ ಅನ್ನೋದನ್ನು ದಪ್ಪ ಅಕ್ಷರದಲ್ಲಿ ಹಾಕ್ತೇನೆ. ‘ನಂಟು’ ಬಗ್ಗೆ ಇನ್ನೂ ಮನಸ್ಸು ಒಪ್ಪಿಲ್ಲ. ಮತ್ತೊಂದು: ಎರಡೂ ಕಡೆ ಅಳಿಸಿದರೂ ಸೇರದಿದ್ದರೆ ಸ್ಟೀರಿಯೋವನ್ನೇ ಫ್ಯಾಕ್ಟರಿ ರಿಸೆಟ್ ಮಾಡ್ತೇವಲ್ಲ, ಆಗ ರೇಡಿಯೋ ಸ್ಟೇಷನ್‌ಗಳೂ ಅಳಿಸಿಹೋಗ್ತವೆ. ಅದಕ್ಕೇನು ಪದ?