ಗಾಂಧಿ ಬಜಾರಿನ ಫೋಟೋಗಳು: ಮುಖ, ನಂಬರ್ ಪ್ಲೇಟ್ ಬ್ಲರ್ ಮಾಡಬೇಕಾ, ಬದಲಿಸಬೇಕಾ?

ಪ್ರಶ್ನೆ (ಹೈಸ್ಕೂಲ್ ಮೇಷ್ಟ್ರು, ಶಿವಮೊಗ್ಗ): ಗಾಂಧಿ ಬಜಾರಿನ ಹಳೆಯ ಹೆಂಚಿನ ಅಂಗಡಿಗಳ ಸುಮಾರು 60 ಫೋಟೋ ತೆಗೆದಿದ್ದೇನೆ. ಎಲ್ಲರೂ ನೋಡುವ ಹಾಗೆ ಆನ್‌ಲೈನ್‌ಗೆ ಹಾಕಬೇಕು. ಜನರ ಮುಖ, ಗಾಡಿಗಳ ನಂಬರ್ ಕಾಣುತ್ತಿವೆ. ಬ್ಲರ್ ಮಾಡಿದರೆ ಫೋಟೋ ಕೆಡುತ್ತದೆ. ಈಗ ಬೇರೆ ಮುಖ, ಬೇರೆ ನಂಬರ್ ಕೂರಿಸುವ ಸಾಫ್ಟ್‌ವೇರ್ ಇದೆಯಂತಲ್ಲ, ಅದನ್ನು ಬಳಸಬಹುದಾ?

ಉತ್ತರ (ಫೋಟೋ ಎಡಿಟರ್, ರಸ್ತೆ ಚಿತ್ರಗಳ ಕೆಲಸ ಮಾಡುವವರು): ಮೇಷ್ಟ್ರೇ, ನಂಬರ್ ಪ್ಲೇಟಿಗೆ ಒಂದು ಉತ್ತರ, ಮುಖಕ್ಕೆ ಇನ್ನೊಂದು.

ಪ್ಲೇಟನ್ನು ಬ್ಲರ್ ಮಾಡಲೇಬೇಡಿ, ಚೌಕ ಚೌಕದ ಮೊಸಾಯಿಕ್ ಕೂಡ ಬೇಡ. ನಿಮ್ಮ ಫೋಟೋದಲ್ಲಿ ಒಂದು ಕಾರಿನ ಪ್ಲೇಟ್ 100 ಪಿಕ್ಸೆಲ್ ಅಗಲ ಇದೆ ಅಂದುಕೊಳ್ಳಿ. ಅದರಲ್ಲಿ ಹತ್ತು ಅಕ್ಷರ. ನಾಲ್ಕು ಪಿಕ್ಸೆಲ್ಲಿನ ಮೊಸಾಯಿಕ್ ಹಾಕಿದರೆ ಒಂದೊಂದು ಅಕ್ಷರಕ್ಕೂ ಐದಾರು ಚೌಕ ಉಳಿಯುತ್ತವೆ. 1 ಇದ್ದಲ್ಲಿ ಒಂದು ಕಂಬ ಮಾತ್ರ ಕಪ್ಪು. 8 ಇದ್ದಲ್ಲಿ ಎಲ್ಲಾ ಚೌಕವೂ ಬೂದು. 7 ಇದ್ದರೆ ಮೇಲಿನ ಸಾಲು ಗಾಢ. ನಮ್ಮ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಆದರೆ ಕಂಪ್ಯೂಟರಿಗೆ ಅದನ್ನು ಓದುವ ಅಗತ್ಯವೇ ಇಲ್ಲ. 0ಯಿಂದ 9ರವರೆಗೆ ಒಂದೊಂದನ್ನೂ ಬರೆದು, ಅದೇ ಮೊಸಾಯಿಕ್ ಹಾಕಿ, ಯಾವುದು ಹೊಂದುತ್ತದೆ ಅಂತ ನೋಡಿದರೆ ಸಾಕು. ಫೋಟೋ ಶಿವಮೊಗ್ಗದ್ದು ಅಂದರೆ ಮುಂದಿನ ಕೆಎ 14 ಅನ್ನು ಮೊದಲೇ ಊಹಿಸಬಹುದು. ಈಗಿನ ಹೈ ಸೆಕ್ಯುರಿಟಿ ಪ್ಲೇಟಿನಲ್ಲಿ ಅಕ್ಷರದ ಅಚ್ಚೂ ಎಲ್ಲರಿಗೂ ಒಂದೇ, ಹಾಗಾಗಿ ಹೋಲಿಕೆ ಇನ್ನೂ ಸುಲಭ. ಅದೇ ಕಾರಿನ ನಾಲ್ಕು ಫೋಟೋ ಹಾಕಿದ್ದರೆ ಕೇಳುವುದೇ ಬೇಡ. ಪ್ರತಿ ಫೋಟೋದಲ್ಲೂ ಚೌಕಗಳು ಸ್ವಲ್ಪ ಬೇರೆ ಜಾಗದಲ್ಲಿ ಕೂರುತ್ತವೆ, ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ.

ಅದಕ್ಕೆ ಪ್ಲೇಟಿನದೇ ಬಿಳಿ ಬಣ್ಣ ಆರಿಸಿ, ಬಾಡಿಗೆ ಗಾಡಿಯಾದರೆ ಹಳದಿ, ಅಕ್ಷರಗಳ ಮೇಲೆ ಪೂರ್ತಿ ತುಂಬಿ. ಖಾಲಿ ಪ್ಲೇಟ್ ನೋಡುಗರ ಕಣ್ಣಿಗೆ ಚುಚ್ಚುವುದಿಲ್ಲ. ಮೇಲೆ ನೆರಳು ಬಿದ್ದಿದ್ದರೆ ಬಣ್ಣವನ್ನು ಸ್ವಲ್ಪ ಮಬ್ಬು ಮಾಡಿ, ಮುಗಿಯಿತು.

ಭದ್ರಾವತಿಯ ವಿಡಿಯೋ ಎಡಿಟರ್: ಇಷ್ಟೆಲ್ಲ ಹೆದರುವುದು ಬೇಡ ಸರ್. ಬ್ಲರ್ ಮಾಡಿದ ಮೇಲೆ ಮಾಹಿತಿ ಹೋಯಿತು ಅಂತಲೇ ಅರ್ಥ. ಮುಖ ಸ್ಪಷ್ಟ ಮಾಡುವ ಆ್ಯಪ್‌ಗಳನ್ನು ನಾನೇ ಟ್ರೈ ಮಾಡಿದ್ದೇನೆ. ಅವು ಕೊಡುವುದು ಯಾರದ್ದೋ ಮುಖ, ಸುಮ್ನೆ ಕಲ್ಪಿಸಿಕೊಂಡಿದ್ದು.

ಫೋಟೋ ಎಡಿಟರ್: ಆ್ಯಪ್ ಕಲ್ಪಿಸಿಕೊಳ್ಳುತ್ತದೆ ಅನ್ನುವ ಮಾತು ಸರಿ. ಆದರೆ ಹುಡುಕುವವನಿಗೆ ಮುಖ ವಾಪಸ್ ಬರಬೇಕಾಗಿಯೇ ಇಲ್ಲವಲ್ಲ. ಅವನ ಹತ್ತಿರ 40 ಜನರ ಫೋಟೋ ಇದ್ದರೆ, ಅವೆಲ್ಲಕ್ಕೂ ಮೊಸಾಯಿಕ್ ಹಾಕಿ, ನಿಮ್ಮದಕ್ಕೆ ಯಾವುದು ಹತ್ತಿರ ಅಂತ ನೋಡುತ್ತಾನೆ. 2016ರಲ್ಲೇ ಸಂಶೋಧಕರು ಮೊಸಾಯಿಕ್ ಮುಖಗಳನ್ನು ಹೀಗೆ ಗುರುತಿಸಿ ತೋರಿಸಿದ್ದಾರೆ. ಇಡೀ ಊರಿನಲ್ಲಿ ಹುಡುಕುವುದು ಕಷ್ಟ, ಒಪ್ಪುತ್ತೇನೆ. ಆದರೆ ನಮ್ಮಂಥ ಊರಿನಲ್ಲಿ "ಇವರು ಆ ಬೀದಿಯವರೇ ಇರಬೇಕು" ಅನ್ನುವ ಪಟ್ಟಿ ಚಿಕ್ಕದು, ಅಲ್ವಾ?

ತೀರ್ಥಹಳ್ಳಿಯ ಹೋಂಸ್ಟೇ ನಡೆಸುವ ಅಕ್ಕ: ನಂಬರ್ ಬದಲಿಸುವುದರ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನಮ್ಮ ಅಂಗಳದ ಫೋಟೋದಲ್ಲಿ ಅತಿಥಿಗಳ ಕಾರು ಇತ್ತು. ಚೆಂದ ಕಾಣಲಿ ಅಂತ ನಾನೇ ಒಂದು ನಂಬರ್ ಬರೆದು ಕೂರಿಸಿದೆ. ಎರಡು ತಿಂಗಳಿಗೆ ಹೊಸನಗರದ ಕಡೆಯಿಂದ ಒಬ್ಬರ ಫೋನ್ ಬಂತು. ಅದು ಅವರ ಗಾಡಿ ನಂಬರ್ ಅಂತೆ. "ನೀವು ಅಲ್ಲಿಗೆ ಯಾವಾಗ ಹೋಗಿದ್ರಿ" ಅಂತ ಮನೆಯಲ್ಲಿ ಕೇಳಿದರಂತೆ. ತುಂಬಾ ಬೇಜಾರಾಯಿತು. ಅವತ್ತೇ ಆ ಫೋಟೋ ಅಳಿಸಿಹಾಕಿದೆ.

ಫೋಟೋ ಎಡಿಟರ್: ಅಕ್ಕ ಹೇಳಿದ್ದು ಬಹಳ ಮುಖ್ಯ. ನಾವು ಸುಮ್ನೆ ಬರೆದ ನಂಬರ್ ಯಾರದ್ದಾದರೂ ಆಗಿರಬಹುದು. ನಂಬರ್ ಕಾಣಲೇಬೇಕು ಅಂದರೆ ಕೊನೆಯ ನಾಲ್ಕು ಅಂಕಿ 0000 ಹಾಕಿ. ಆ ನಂಬರನ್ನು ಯಾವ ಗಾಡಿಗೂ ಕೊಡುವುದಿಲ್ಲ.

ಮುಖಕ್ಕೂ ಇದೇ ಮಾತು. ಗೊತ್ತಿರುವ ಯಾರದೋ ಮುಖ ತಂದು ಕೂರಿಸಬೇಡಿ. ಹೊಸದಾಗಿ ಮುಖ ಹುಟ್ಟಿಸುವ ಸಾಫ್ಟ್‌ವೇರಿನಲ್ಲಿ ಒಂದು ವಿಷಯ ನೋಡಿಕೊಳ್ಳಿ. ಅದು ಮೂಲ ಮುಖವನ್ನು ನೋಡಿ ಬದಲಿಸುತ್ತದೆಯೋ, ಅಥವಾ ಆ ಜಾಗವನ್ನು ಪೂರ್ತಿ ಅಳಿಸಿ ಸುತ್ತಲಿನದ್ದನ್ನು ಮಾತ್ರ ನೋಡಿ ತುಂಬುತ್ತದೆಯೋ? ಮೊದಲನೆಯದರಲ್ಲಿ ಮೂಗು, ದವಡೆಯ ಹೋಲಿಕೆ ಉಳಿದುಬಿಡಬಹುದು. ಎರಡನೆಯದೇ ಬೇಕು. 2019ರಲ್ಲಿ ಬಂದ ಡೀಪ್‌ಪ್ರೈವಸಿ ಅನ್ನುವ ಸಾಫ್ಟ್‌ವೇರ್ ಹೆಚ್ಚುಕಡಿಮೆ ಈ ಎರಡನೆಯ ಜಾತಿಯದ್ದು.

ಆದರೂ ಬಜಾರಿನ ಫೋಟೋಗೆ ನಾನು ಇದನ್ನು ಅಷ್ಟಾಗಿ ಹೇಳುವುದಿಲ್ಲ. ಒಮ್ಮೆ ಹೂ ಮಾರುವ ಅಜ್ಜಿಯ ಫೋಟೋಗೆ ಹಾಕಿ ನೋಡಿದೆ. ಬಿಳಿ ಕೂದಲಿನ ಕೆಳಗೆ ಮೂವತ್ತರ ಹೆಂಗಸಿನ ಮುಖ ಬಂತು, ಹಲ್ಲು ಬಿಟ್ಟು ನಗುತ್ತಿತ್ತು. ಮಾಲೆ ಕಟ್ಟುವ ಕೈಯಲ್ಲಿ ಮಾತ್ರ ಸುಕ್ಕು ಹಾಗೇ ಇತ್ತು. ಮನಸ್ಸಿಗೆ ಹಿಂಸೆಯಾಯಿತು.

ದೊಡ್ಡ ತೊಂದರೆ ಇನ್ನೊಂದಿದೆ. ಸಾಫ್ಟ್‌ವೇರ್ ಕೆಲವು ಮುಖಗಳನ್ನು ಬಿಟ್ಟುಬಿಡುತ್ತದೆ. ಕೊಡೆಯ ನೆರಳಿನದ್ದು, ಗೊರಬು ಹೊದ್ದವರದ್ದು, ಪಕ್ಕಕ್ಕೆ ತಿರುಗಿದ್ದು, ಕನ್ನಡಿಯಲ್ಲಿ ಕಂಡದ್ದು. ಬ್ಲರ್ ಆದರೆ ಯಾವುದು ಉಳಿದಿದೆ ಅಂತ ಒಂದೇ ನೋಟಕ್ಕೆ ಸಿಗುತ್ತದೆ. ಬದಲಿಸಿದ ಫೋಟೋದಲ್ಲಿ ಎಲ್ಲಾ ಮುಖಗಳೂ ನಿಜದಂತೆಯೇ ಕಾಣುತ್ತವೆ, ಬಿಟ್ಟುಹೋದದ್ದು ನಿಮಗೇ ಗೊತ್ತಾಗುವುದಿಲ್ಲ. ಉಲ್ಟಾನೂ ಆಗುತ್ತದೆ. ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಕೇಂಬ್ರಿಜ್‌ನ ಒಂದು ಹಸುವಿನ ಮುಖ ಬ್ಲರ್ ಆಗಿದ್ದು 2016ರಲ್ಲಿ ಸುದ್ದಿಯಾಗಿತ್ತು. ಬ್ಲರ್ ಆದ್ದರಿಂದ ಅಷ್ಟಕ್ಕೇ ಮುಗಿಯಿತು. ಅಂಗಡಿಯ ಮುಂದಿನ ದೃಷ್ಟಿಗೊಂಬೆಗೆ ಮನುಷ್ಯರ ಮುಖ ಬಂದರೆ ನಿಮ್ಮ ದಾಖಲೆಯೇ ಸುಳ್ಳಾಗುತ್ತದೆ.

ನಾನು ಮಾಡುವುದು ಹೀಗೆ. ಮುಖದ ಮೇಲೆ ಚರ್ಮದ ಬಣ್ಣವನ್ನು ಗಟ್ಟಿಯಾಗಿ ತುಂಬುತ್ತೇನೆ. ಆಮೇಲೆ ಅದರ ಅಂಚನ್ನು ಮಾತ್ರ ಬ್ಲರ್ ಮಾಡುತ್ತೇನೆ. ನೋಡಲು ಬ್ಲರ್ ಥರವೇ ಇರುತ್ತದೆ, ಒಳಗೆ ಮೂಲ ಮುಖದ ಗುರುತೇ ಇರುವುದಿಲ್ಲ. 60 ಫೋಟೋಗೆ ಎರಡು ಸಂಜೆ ಸಾಕು.

ಭದ್ರಾವತಿಯ ವಿಡಿಯೋ ಎಡಿಟರ್: ಒಂದು ಅನುಮಾನ. ಬದಲಿಸಿದ್ದರಲ್ಲಿ ಒಂದು ನಿಜವಾದ ಮುಖ ಉಳಿದರೂ, ಅದು ನಿಜದ್ದು ಅಂತ ನೋಡುವವನಿಗೂ ಗೊತ್ತಾಗಲ್ಲವಲ್ಲ? ಅದೂ ಒಂದು ರಕ್ಷಣೆಯೇ ಅಲ್ವಾ?

ಫೋಟೋ ಎಡಿಟರ್: ಅಪರಿಚಿತರ ಮಟ್ಟಿಗೆ ಹೌದು, ನೀವು ಹೇಳಿದ್ದರಲ್ಲಿ ಬಲ ಇದೆ. ಪರಿಚಯದವರಿಗೆ ಗೊತ್ತಾಗಿಯೇ ಆಗುತ್ತದೆ. ಲಕ್ಷಗಟ್ಟಲೆ ಚಿತ್ರ ಇರುವ ಕಡೆ ಬದಲಿಸುವುದೇ ಮೇಲು ಅನ್ನುವವರೂ ಇದ್ದಾರೆ. ಇದರಲ್ಲಿ ನನಗೂ ಪೂರ್ತಿ ತೀರ್ಮಾನ ಆಗಿಲ್ಲ.

ಸಾಗರದ ಒಬ್ಬರು: ನಮಸ್ಕಾರ. ಆಗುಂಬೆ ಘಾಟಿಯಲ್ಲಿ ಒಂದು ಬೈಕ್ ನನ್ನ ಕಾರಿಗೆ ತಾಗಿಸಿ ಹೋಯಿತು. ಡ್ಯಾಶ್‌ಕ್ಯಾಮಿನಲ್ಲಿ ನಂಬರ್ ಬ್ಲರ್ ಆಗಿದೆ. ನೀವು ಹೇಳಿದ ಹಾಗೆ ಅದನ್ನು ತೆಗೆಯಬಹುದಾ?

ಫೋಟೋ ಎಡಿಟರ್: ಸರ್, ಇಲ್ಲಿನ ಪ್ರಶ್ನೆ ಬೇರೆ. ಕ್ಯಾಮೆರಾ ಅಲುಗಾಡಿ ಆದ ಬ್ಲರ್‌ಗೆ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ. ಮೆಮೊರಿ ಕಾರ್ಡನ್ನು ಹಾಗೇ ತೆಗೆದಿಟ್ಟು ದೂರಿನ ಜೊತೆ ಕೊಡಿ. ವಾಟ್ಸಾಪ್‌ನಲ್ಲಿ ಕಳಿಸಿದ ಕಾಪಿ ಕೊಡಬೇಡಿ, ಅದರಲ್ಲಿ ಉಳಿದಿದ್ದೂ ಹೋಗಿರುತ್ತದೆ.

ಮೇಷ್ಟ್ರು: ಮುಖಕ್ಕೆ ಬಣ್ಣ ತುಂಬಿ ಸೇವ್ ಮಾಡಿದೆ. ಇನ್ನೇನಾದರೂ ಉಳಿಯುತ್ತದಾ?

ಫೋಟೋ ಎಡಿಟರ್: ಲೇಯರ್ ಇರುವ ಫೈಲ್ ಹಂಚಬೇಡಿ, ಜೆಪೆಗ್ ಮಾಡಿಯೇ ಹಾಕಿ. ಕೆಲವು ಸಾಫ್ಟ್‌ವೇರ್‌ಗಳು ಎಡಿಟ್ ಮಾಡಿದ ಮೇಲೂ ಒಳಗಿನ ಪುಟ್ಟ ಚಿತ್ರವನ್ನು ಹಳೆಯದೇ ಬಿಡುತ್ತವೆ. exiftool ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು, ಮೊದಲ ಸಾಲಿನಿಂದ ಅದನ್ನು ಹೊರಗೆ ತೆಗೆದು ನೋಡಿ, ಎರಡನೆಯದರಿಂದ ಅಳಿಸಿ:

```
exiftool -b -ThumbnailImage bazar1.jpg > thumb.jpg
exiftool -all= bazar1.jpg
```

ಅಳಿಸಿದ ಮೇಲೆ ಪಕ್ಕದಲ್ಲೇ `bazar1.jpg_original` ಅಂತ ಒಂದು ಫೈಲ್ ಹುಟ್ಟುತ್ತದೆ. ಅದರಲ್ಲಿ ಹಳೆಯ ಮಾಹಿತಿ ಹಾಗೇ ಇರುತ್ತದೆ. ಫೋಲ್ಡರ್ ಪೂರ್ತಿ ಅಪ್‌ಲೋಡ್ ಮಾಡುವವರು ಇಲ್ಲೇ ತಪ್ಪುವುದು.

ತೀರ್ಥಹಳ್ಳಿಯ ಅಕ್ಕ: ಆ ಹೂವಿನ ಅಜ್ಜಿ ಫೋಟೋ ಕೊನೆಗೆ ಏನು ಮಾಡಿದ್ರಿ?

ಫೋಟೋ ಎಡಿಟರ್: ಅವರನ್ನೇ ಹೋಗಿ ಕೇಳಿದೆ ಅಕ್ಕ. ನನ್ನ ಮುಖವೇ ಇರಲಿ ಅಂದರು. ಹಾಗೇ ಹಾಕಿದ್ದೇನೆ.